ಡಿಎಲ್‌ಪಿ ಮುಗಿದರೂ ಬಾರದ ಎಫ್‌ಎಸ್‌ಡಿ ಕೈಸೇರಿದ್ದು ಹೀಗೆ

ನಾನು ಗುತ್ತಿಗೆ ಹಿಡಿದಿದ್ದ 24 ಲಕ್ಷದ ಚರಂಡಿ ಕಾಮಗಾರಿ. ಮೂರು ಬಿಲ್‌ಗಳಲ್ಲೂ ಕಚೇರಿಯವರು ಶೇ. 5ರಂತೆ ಎಫ್‌ಎಸ್‌ಡಿ ಎಂಬ ಹೆಚ್ಚುವರಿ ಭದ್ರತಾ ಠೇವಣಿ ಹಿಡಿದಿದ್ದರು, ಒಟ್ಟು 1,20,000 ರೂಪಾಯಿ. ಒಂದು ವರ್ಷದ ದೋಷ ಹೊಣೆ ಅವಧಿ, ಅಂದರೆ ಡಿಎಲ್‌ಪಿ, ಮುಗಿದ ಮೇಲೆ ಅರ್ಜಿ ಕೊಟ್ಟರೆ, "ಇನ್ನೂ ಅವಧಿ ಇದೆ" ಎಂದರು.

ಕಾರಣ ಹುಡುಕಿದೆ. ಅವರು ಅಂತಿಮ ಬಿಲ್ ಪಾಸಾದ ದಿನದಿಂದ ಎಣಿಸುತ್ತಿದ್ದರು. ನಮ್ಮ ಕರಾರಿನಲ್ಲಿದ್ದದ್ದು ಕಾಮಗಾರಿ ಮುಗಿದ ದಿನಾಂಕ. ಆ ಷರತ್ತಿನ ಪುಟ, ಪೂರ್ಣತಾ ಪ್ರಮಾಣಪತ್ರ ಎರಡರ ಪ್ರತಿಯನ್ನೂ ಲಗತ್ತಿಸಿ ಹೊಸ ಅರ್ಜಿ ಬರೆದೆ.

ಆಗ ಎರಡನೇ ತೊಡಕು ಎದುರಾಯಿತು: ಠೇವಣಿ ರಿಜಿಸ್ಟರ್‌ನಲ್ಲಿ ನನ್ನ ಹೆಸರಿಗೆ 90,000 ಮಾತ್ರ ಇತ್ತು. ಮೂರನೇ ಬಿಲ್‌ನ 30,000 ಇನ್ನೊಂದು ಕಾಮಗಾರಿಯ ಖಾತೆಗೆ ಬರೆದಿದ್ದರು. ಇದನ್ನು ಬಾಯಲ್ಲಿ ಹೇಳಿ ಪ್ರಯೋಜನವಿಲ್ಲ. ಒಂದೇ ಹಾಳೆಯಲ್ಲಿ ಬಿಲ್‌ವಾರು ಬರೆದೆ: 10 ಲಕ್ಷಕ್ಕೆ 50,000, 8 ಲಕ್ಷಕ್ಕೆ 40,000, 6 ಲಕ್ಷಕ್ಕೆ 30,000. ಪ್ರತಿ ಸಾಲಿನ ಎದುರು ವೋಚರ್ ಸಂಖ್ಯೆ ಮತ್ತು ಅಳತೆ ಪುಸ್ತಕದ ಪುಟ. ಲೆಕ್ಕ ವಿಭಾಗದವರು ಆ ಹಾಳೆ ಹಿಡಿದೇ ತಿದ್ದುಪಡಿ ನಮೂದು ಮಾಡಿದರು.

ಜೊತೆಗೆ ಸಹಾಯಕ ಎಂಜಿನಿಯರ್ ಅವರಿಗೆ ಜಂಟಿ ಪರಿಶೀಲನೆಗೆ ಪ್ರತ್ಯೇಕ ಪತ್ರ ಕೊಟ್ಟೆ. ಎರಡು ಸ್ಲ್ಯಾಬ್ ಮುಚ್ಚಳ ಒಡೆದಿದ್ದವು, ಬದಲಿಸಿ ಫೋಟೊ ಕೊಟ್ಟೆ. "ದೋಷವಿಲ್ಲ" ಎಂಬ ವರದಿ ಇಲ್ಲದೆ ಕಡತ ಮೇಲಕ್ಕೆ ಹೋಗುವುದೇ ಇಲ್ಲ, ಆದ್ದರಿಂದ ಅವಧಿ ಮುಗಿಯುವ ಮೊದಲೇ ಈ ಪತ್ರ ಕೊಡುವುದು ಲೇಸು. ಪ್ರತಿ ಅರ್ಜಿಗೂ ಟಪಾಲು ವಿಭಾಗದ ಸ್ವೀಕೃತಿ ಮೊಹರು ಹಾಕಿಸಿಕೊಂಡಿದ್ದೆ. ಹಣ ಪೂರ್ತಿ ಖಾತೆಗೆ ಬಂತು.