ನಮ್ಮ ಮಕ್ಕಳ ಬಾಸ್ಕೆಟ್‌ಬಾಲ್ ಲೀಗಿಗೆ ಇಪ್ಪತ್ತು ತಂಬೋಲ ಬಿಲ್ಲೆಗಳು

ಮೈಸೂರಿನಲ್ಲಿ ನಮ್ಮ ಬಡಾವಣೆಯ ಪಾರ್ಕಿನ ಪಕ್ಕ ಒಂದು ಸಿಮೆಂಟ್ ಕೋರ್ಟ್ ಇದೆ. ಪ್ರತಿ ವರ್ಷ ಬೇಸಿಗೆ ರಜೆಯಲ್ಲಿ ಅಲ್ಲಿ 14 ವರ್ಷದೊಳಗಿನ ಮಕ್ಕಳಿಗೆ ಬಾಸ್ಕೆಟ್‌ಬಾಲ್ ಲೀಗ್ ನಡೆಸುತ್ತೇವೆ. ಆರು ತಂಡ, ತಂಡಕ್ಕೆ ಹತ್ತು ಮಕ್ಕಳು. ತಂಡಗಳಿಗೆ ಜೆರ್ಸಿಯ ಬಣ್ಣವೇ ಹೆಸರು. ಹಳೆಯ ಮಕ್ಕಳು ಅದೇ ತಂಡದಲ್ಲಿ ಇರುತ್ತಾರೆ, ಹೊಸದಾಗಿ ಸೇರಿದವರನ್ನು ಕೋಚ್‌ಗಳು ಸರದಿಯ ಪ್ರಕಾರ ಆರಿಸಿಕೊಳ್ಳುತ್ತಾರೆ. ಹರಾಜು ಬೇಡ ಅಂತ ಮೊದಲ ದಿನವೇ ನಿರ್ಧರಿಸಿದ್ದೆವು. ಹನ್ನೆರಡು ವರ್ಷದ ಮಗುವಿಗೆ ಬೆಲೆ ಕಟ್ಟುವುದು ನಮಗ್ಯಾರಿಗೂ ಇಷ್ಟವಿರಲಿಲ್ಲ.

ಹಾಗಾದರೆ ಮೊದಲ ಸರದಿ ಯಾರದ್ದು? ಕ್ರಿಕೆಟ್‌ನಲ್ಲಿ ಹನ್ನೊಂದು ಜನರಲ್ಲಿ ಒಬ್ಬ ಚೆನ್ನಾಗಿ ಆಡಿದರೂ ಉಳಿದವರು ಹೊಂದಿಸಬೇಕು. ಬಾಸ್ಕೆಟ್‌ಬಾಲ್‌ನಲ್ಲಿ ಕೋರ್ಟಿನ ಮೇಲೆ ಐದೇ ಜನ. ಎತ್ತರವಿರುವ, ಕೈ ಓಡುವ ಒಂದು ಮಗು ಬಂದರೆ ತಂಡವೇ ಬದಲಾಗುತ್ತದೆ. ಹಾಗಾಗಿ ಈ ಪ್ರಶ್ನೆಗೆ ನಾವು ನಾಲ್ಕು ವರ್ಷ ತಲೆ ಕೆಡಿಸಿಕೊಂಡಿದ್ದೇವೆ.

ಮೊದಲ ವರ್ಷದ ನಿಯಮ ಸರಳವಾಗಿತ್ತು. ಲೀಗಿನಲ್ಲಿ ಕೊನೆಗೆ ಬಂದವರಿಗೆ ಮುಂದಿನ ವರ್ಷ ಮೊದಲ ಸರದಿ, ಗೆದ್ದವರಿಗೆ ಕೊನೆಯ ಸರದಿ. ಕೊನೆಯ ವಾರ ಕೆಳಗಿನ ಎರಡು ತಂಡಗಳಿಗೆ ಒಂದು ಪಂದ್ಯ ಬಾಕಿ ಇತ್ತು. ಸೋತವರಿಗೆ ಮೊದಲ ಸರದಿ ಸಿಗುತ್ತದೆ ಅಂತ ಎಲ್ಲರಿಗೂ ಗೊತ್ತು. ಒಬ್ಬ ಕೋಚ್ ತನ್ನ ಇಬ್ಬರು ಒಳ್ಳೆಯ ಆಟಗಾರರನ್ನು ಕೊನೆಯ ಕ್ವಾರ್ಟರ್ ಪೂರ್ತಿ ಬೆಂಚಿನ ಮೇಲೆ ಕೂರಿಸಿದರು. ಅವರಲ್ಲಿ ಒಬ್ಬಳು ಶೂ ಲೇಸನ್ನು ಬಿಚ್ಚಿ ಕಟ್ಟುತ್ತಾ, ಮತ್ತೆ ಬಿಚ್ಚಿ ಕಟ್ಟುತ್ತಾ ಕೂತಿದ್ದಳು, ಈಗ ಕರೀತಾರೆ ಅಂತ. ಕರೆಯಲಿಲ್ಲ. ಪಂದ್ಯ ಎರಡು ಪಾಯಿಂಟ್‌ನಲ್ಲಿ ಹೋಯಿತು. ಆ ಕೋಚ್ ಮೋಸಗಾರರಲ್ಲ, ನಾವು ಬರೆದ ನಿಯಮವೇ ಸೋಲಿಗೆ ಬಹುಮಾನ ಇಟ್ಟಿತ್ತು.

ಎರಡನೇ ವರ್ಷ ಲಾಟರಿ ತಂದೆವು. ಇದು ಅಮೆರಿಕದ ವೃತ್ತಿಪರ ಬಾಸ್ಕೆಟ್‌ಬಾಲ್ ಲೀಗ್ ಆದ ಎನ್‌ಬಿಎಯಿಂದ ಕಲಿತದ್ದು. ಅಲ್ಲಿ 1985ರಲ್ಲಿ ಲಾಟರಿ ಶುರುವಾದಾಗ ಪ್ಲೇಆಫ್ ತಲುಪದ ಎಲ್ಲ ತಂಡಗಳಿಗೂ ಸಮಾನ ಅವಕಾಶ ಇತ್ತು. 1990ರಲ್ಲಿ ತೂಕ ಬಂತು, ಅಂದರೆ ದುರ್ಬಲರಿಗೆ ಹೆಚ್ಚು ಅವಕಾಶ. ಹನ್ನೊಂದು ತಂಡ, ಒಟ್ಟು 66 ಚೆಂಡು, ಅತಿ ದುರ್ಬಲ ತಂಡಕ್ಕೆ 11, ಆಮೇಲೆ ಒಂದೊಂದು ಕಡಿಮೆ, ಕೊನೆಗೆ ಒಂದು. 1993ರಲ್ಲಿ ಆ ಒಂದೇ ಚೆಂಡು ಇದ್ದ ಆರ್ಲ್ಯಾಂಡೋ ತಂಡಕ್ಕೇ ಮೊದಲ ಸರದಿ ಬಿತ್ತು. 41 ಗೆದ್ದು 41 ಸೋತಿದ್ದ ತಂಡ ಅದು, ಹಿಂದಿನ ವರ್ಷದ ಮೊದಲ ಸರದಿಯೂ ಅವರದ್ದೇ ಆಗಿತ್ತು. ಮುಂದಿನ ವರ್ಷವೇ ಎನ್‌ಬಿಎಯವರು ಲೆಕ್ಕ ಬದಲಿಸಿ ದುರ್ಬಲರ ತೂಕ ಹೆಚ್ಚಿಸಿದರು. ಆಮೇಲೆ ಬೇಕೆಂದೇ ಸೋಲುವವರು ಜಾಸ್ತಿಯಾದರು ಅಂತ 2019ರಿಂದ ಕೆಳಗಿನ ಮೂರೂ ತಂಡಗಳಿಗೆ ಒಂದೇ ಸಮ, ತಲಾ ನೂರಕ್ಕೆ 14ರ ಅವಕಾಶ ಕೊಟ್ಟರು.

ನಾವು ಈ ಚರಿತ್ರೆಯನ್ನು ಅರ್ಧ ಓದಿದ್ದೆವು. ಚೆಂಡಿನ ಬದಲು 21 ತಂಬೋಲ ಬಿಲ್ಲೆ ತಗೊಂಡೆವು. ಕೊನೆಯ ತಂಡಕ್ಕೆ 6, ಅದರ ಮೇಲಿನದಕ್ಕೆ 5, ಹೀಗೆ ಗೆದ್ದವರಿಗೆ 1. ಆರೂ ಸರದಿಗಳನ್ನು ಚೀಲದಿಂದಲೇ ಎತ್ತಿದೆವು. ಕೊನೆಯ ಸ್ಥಾನದ ಕೆಂಪು ತಂಡ ಐದನೇ ಸರದಿಗೆ ಹೋಗಿ ಬಿತ್ತು.

ಎಲ್ಲರೂ ಇದನ್ನು ದುರದೃಷ್ಟ ಅಂದರು. ಮನೆಗೆ ಬಂದು ಲೆಕ್ಕ ಹಾಕಿ ನೋಡಿದೆ. ಹಾಗೆ ಆರನ್ನೂ ಎತ್ತಿದರೆ ಅತಿ ದುರ್ಬಲ ತಂಡ ನಾಲ್ಕನೇ ಸರದಿಗೋ ಅದಕ್ಕಿಂತ ಕೆಳಕ್ಕೋ ಬೀಳುವ ಸಾಧ್ಯತೆ ನೂರಕ್ಕೆ 26. ಅಂದರೆ ನಾಲ್ಕು ಡ್ರಾದಲ್ಲಿ ಒಂದು ಸಲ ಹೀಗೇ ಆಗುತ್ತದೆ. ತೂಕ ಕೊಟ್ಟರಷ್ಟೇ ಸಾಲದು, ಬೀಳುವುದಕ್ಕೆ ಒಂದು ತಳವೂ ಬೇಕು. ಎನ್‌ಬಿಎಯ 2019ರ ನಿಯಮದಲ್ಲಿ ಮೇಲಿನ ನಾಲ್ಕು ಸರದಿಗೆ ಮಾತ್ರ ಚೆಂಡು ಎತ್ತುತ್ತಿದ್ದರು, ಉಳಿದದ್ದು ಸೋಲಿನ ಲೆಕ್ಕದ ಕ್ರಮದಲ್ಲೇ ನಡೆಯುತ್ತಿತ್ತು. ಅದರಿಂದ ಅತಿ ದುರ್ಬಲ ತಂಡ ಐದಕ್ಕಿಂತ ಕೆಳಗೆ ಹೋಗುತ್ತಿರಲಿಲ್ಲ. ಆರೇ ತಂಡ ಇರುವ ನಮಗೆ ಎರಡು ಸರದಿ ಎತ್ತಿದರೆ ಸಾಕು. ಆಗ ಅತಿ ದುರ್ಬಲ ತಂಡಕ್ಕೆ ಏನೇ ಆದರೂ ಮೂರನೇ ಸರದಿ ಖಾತ್ರಿ.

ಮೂರನೇ ವರ್ಷ ಈ ತಿದ್ದುಪಡಿಯೊಂದಿಗೆ ನಡೆಸಿದೆವು. ಆದರೂ ಏನೋ ಸರಿಹೋಗಲಿಲ್ಲ. ಆ ಸಲ ಲೀಗ್ ಗೆದ್ದದ್ದು ನೀಲಿ ತಂಡ, ಕೊನೆಗೆ ಬಂದದ್ದು ಹಳದಿ. ಆದರೆ ನೀಲಿಯ ಐದು ಮಕ್ಕಳು ಆ ವರ್ಷವೇ 14 ದಾಟುವವರು, ಅವರೇ ತಂಡದ ಬೆನ್ನೆಲುಬು. ಹಳದಿಯವರು ಬಹಳ ಮಂದಿ 11, 12ರ ಮಕ್ಕಳು, ಎಂಟು ಮಂದಿ ಮತ್ತೆ ಆಡಲು ಬರುವವರು, ಒಂದು ವರ್ಷದಲ್ಲಿ ಇನ್ನೊಂದು ಗೇಣು ಬೆಳೆಯುವವರು. ಅಂಕಪಟ್ಟಿ ನೋಡಿ ತೂಕ ಕೊಟ್ಟರೆ ಹಳದಿಗೆ ಆರು ಬಿಲ್ಲೆ, ನೀಲಿಗೆ ಹೆಚ್ಚೆಂದರೆ ಒಂದು. ದೊಡ್ಡವರ ಲೀಗಿನಲ್ಲಿ ಕಳೆದ ವರ್ಷದ ಪಟ್ಟಿ ಮುಂದಿನ ವರ್ಷಕ್ಕೂ ಸುಮಾರಾಗಿ ಹೊಂದುತ್ತದೆ. ಮಕ್ಕಳ ಲೀಗಿನಲ್ಲಿ ಅದು ಹೋದವರ ಪಟ್ಟಿ, ಆಡಲು ಬರುವವರದ್ದಲ್ಲ. ನನ್ನ ಪ್ರಕಾರ ನಮ್ಮ ಅತಿ ದೊಡ್ಡ ತಪ್ಪು ಇದೇ ಆಗಿತ್ತು.

ಈ ವರ್ಷ ಅಂಕಪಟ್ಟಿಯನ್ನು ಪಕ್ಕಕ್ಕಿಟ್ಟೆವು. ಮಾರ್ಚ್ ಕೊನೆಯ ಭಾನುವಾರ ಹಳಬರು, ಹೊಸಬರು ಎಲ್ಲ ಮಕ್ಕಳನ್ನೂ ಕೋರ್ಟಿಗೆ ಕರೆದೆವು. ಎದೆಗೆ ನಂಬರ್ ಚೀಟಿ, ಹೆಸರಿಲ್ಲ. ಲೇಅಪ್, ಡ್ರಿಬಲ್, ಪಾಸ್, ಆಮೇಲೆ ಮೂರು ಮೂರು ಜನರ ಆಟ. ಪ್ರತಿ ಮಗುವಿಗೂ 1ರಿಂದ 5ರೊಳಗೆ ಅಂಕ. ಯಾವ ಕೋಚೂ ತನ್ನ ತಂಡದ ಮಕ್ಕಳಿಗೆ ಅಂಕ ಹಾಕುವಂತಿಲ್ಲ, ಬೇರೆ ಮೂವರು ಹಾಕಿದ್ದರಲ್ಲಿ ನಡುವಿನ ಅಂಕ ತಗೊಳ್ಳುತ್ತೇವೆ. ಸರಾಸರಿ ತಗೊಂಡರೆ ಒಬ್ಬರು ಬೇಕೆಂದೇ 1 ಹಾಕಿ ಎಳೆಯಬಹುದು, ನಡುವಿನದು ಅಷ್ಟು ಸುಲಭವಾಗಿ ಅಲುಗಾಡುವುದಿಲ್ಲ. ಆಮೇಲೆ ಪ್ರತಿ ತಂಡದಲ್ಲಿ ಮರಳಿ ಬಂದವರ ಪೈಕಿ ಮೇಲಿನ ಐವರ ಅಂಕ ಕೂಡಿಸಿದೆವು. ನೀಲಿ 9, ಕೆಂಪು 11, ಹಸಿರು 13, ಬಿಳಿ 14, ಕೇಸರಿ 16, ಹಳದಿ 18.

ಹೋದ ವರ್ಷದ ಚಾಂಪಿಯನ್ನರೇ ಎಲ್ಲರಿಗಿಂತ ದುರ್ಬಲರು! ಕೊನೆಗೆ ಬಂದವರು ಎಲ್ಲರಿಗಿಂತ ಗಟ್ಟಿ. ಇದರಲ್ಲಿ ಇನ್ನೊಂದು ಲಾಭ ತಾನಾಗಿಯೇ ಬಂತು. ಅಂಕಪಟ್ಟಿಗೂ ಬಿಲ್ಲೆಗೂ ಸಂಬಂಧವೇ ಇಲ್ಲದ ಮೇಲೆ ಕೊನೆಯ ವಾರ ಸೋತು ಯಾರಿಗೂ ಏನೂ ಸಿಗುವುದಿಲ್ಲ, ಯಾವ ಮಗುವೂ ಸುಮ್ನೆ ಬೆಂಚಿನ ಮೇಲೆ ಕೂರಬೇಕಿಲ್ಲ.

"ಇಷ್ಟು ಅಳೆದ ಮೇಲೆ ಲಾಟರಿ ಯಾಕೆ ಸರ್, ಅಂಕದ ಕ್ರಮದಲ್ಲೇ ಕೊಡಿ" ಅಂತ ಹಸಿರು ತಂಡದ ಕೋಚ್ ಕೇಳಿದರು. ಒಳ್ಳೆಯ ಪ್ರಶ್ನೆ. ಆದರೆ ಒಂದು ಬೆಳಗ್ಗೆಯ ಆಟ ನೋಡಿ ಹಾಕಿದ ಅಂಕದಲ್ಲಿ 13ಕ್ಕೂ 14ಕ್ಕೂ ಏನು ವ್ಯತ್ಯಾಸ? ಒಂದು ಮಗುವಿಗೆ ಅವತ್ತು ಜ್ವರ ಬಿಟ್ಟಿತ್ತಷ್ಟೇ ಇರಬಹುದು. ನಮ್ಮ ಅಳತೆ ಒರಟು. ಆ ಒರಟುತನದ ಪಾಲನ್ನು ಚೀಲಕ್ಕೆ ಬಿಡುತ್ತೇವೆ, ಅದಕ್ಕೇ ಲಾಟರಿ.

ಬಿಲ್ಲೆಗಳನ್ನು ಇಪ್ಪತ್ತಕ್ಕೆ ಇಳಿಸಿದೆವು. ಒಂದು ಬಿಲ್ಲೆ ಅಂದರೆ ನೂರಕ್ಕೆ ಐದು, ಪೋಷಕರಿಗೂ ಬಾಯಿಲೆಕ್ಕದಲ್ಲಿ ಗೊತ್ತಾಗುತ್ತದೆ. ಕೆಳಗಿನ ಎರಡು ತಂಡಕ್ಕೆ ಆರಾರು, ಆಮೇಲೆ ನಾಲ್ಕು, ಮೂರು, ಒಂದು. ಅತಿ ಗಟ್ಟಿ ತಂಡಕ್ಕೆ ಬಿಲ್ಲೆಯೇ ಇಲ್ಲ. ಒಂದು ಬಿಲ್ಲೆ ಏನು ಮಾಡಬಲ್ಲದು ಅಂತ 1993ರಲ್ಲಿ ನೋಡಿದ್ದೇವಲ್ವಾ, ಹಾಗಾಗಿ ಹಳದಿಯವರು ಸೀದಾ ಆರನೇ ಸರದಿಗೆ. ನೀಲಿಗೆ 1ರಿಂದ 6, ಕೆಂಪಿಗೆ 7ರಿಂದ 12, ಹಸಿರಿಗೆ 13ರಿಂದ 16, ಬಿಳಿಗೆ 17ರಿಂದ 19, ಕೇಸರಿಗೆ 20. ಈ ಪಟ್ಟಿಯನ್ನು ಮೊದಲೇ ಗೋಡೆಗೆ ಅಂಟಿಸಿದ್ದೆವು.

ಎತ್ತುವ ರೀತಿಗೂ ಗಮನ ಬೇಕು. ಒಮ್ಮೆ ಕಾಗದದ ಚೀಟಿ ಮಡಚಿ ಹಾಕಿದಾಗ ಒಂದು ಚೀಟಿ ದಪ್ಪವಾಗಿದೆ ಅಂತ ಜಗಳ ಬಂದಿತ್ತು. ಬಿಲ್ಲೆಗಳು ಒಂದೇ ಸೆಟ್ಟಿನವಾಗಿರಬೇಕು. ಇನ್ನೊಂದು ಸೆಟ್ಟಿನದು ಒಂದು ಸೇರಿದರೂ ಬೆರಳಿಗೆ ಗೊತ್ತಾಗುತ್ತದೆ. ಇಪ್ಪತ್ತನ್ನೂ ಮೇಜಿನ ಮೇಲೆ ಸಾಲಾಗಿ ಇಟ್ಟು, ಜೋರಾಗಿ ಎಣಿಸಿ, ಒಬ್ಬ ಪೋಷಕರು ಬಟ್ಟೆ ಚೀಲಕ್ಕೆ ಹಾಕಿ ಕುಲುಕುತ್ತಾರೆ. ಅಂಗಿಯ ತೋಳು ಮಡಚಿಕೊಂಡ ಪುಟ್ಟ ಹುಡುಗ ಎತ್ತುತ್ತಾನೆ. ಎರಡನೇ ಸಲ ಮೊದಲ ತಂಡದ್ದೇ ನಂಬರ್ ಬಂದರೆ ಅದನ್ನು ಪಕ್ಕಕ್ಕಿಟ್ಟು ಮತ್ತೆ ಎತ್ತುವುದು. ಇದರಿಂದ ಉಳಿದವರ ಅವಕಾಶದ ಪ್ರಮಾಣ ಕೆಡುವುದಿಲ್ಲ.

ಮೊದಲು ಬಂದದ್ದು 14, ಹಸಿರು. ಎರಡನೆಯದು 16, ಮತ್ತೆ ಹಸಿರು, ಪಕ್ಕಕ್ಕೆ. ಆಮೇಲೆ 9, ಕೆಂಪು. ಮೂರನೇ ಸರದಿ ನೀಲಿಗೆ. ನಾಲ್ಕು ಬಿಳಿ, ಐದು ಕೇಸರಿ, ಆರು ಹಳದಿ. ನೀಲಿ ಕೋಚ್ ಮುಖ ಬಾಡಿತು. ಅವರಿಗೆ ಕೂತು ಲೆಕ್ಕ ತೋರಿಸಿದೆ: ಮೊದಲ ಸರದಿಗೆ ನೂರಕ್ಕೆ 30, ಎರಡನೆಯದಕ್ಕೆ ಸುಮಾರು 27, ಮೂರಕ್ಕೆ ಇಳಿಯುವುದಕ್ಕೆ 43. ಇದು ವಿರಳವಾದ ಘಟನೆಯೇ ಅಲ್ಲ. ಡ್ರಾಗೆ ಮೊದಲೇ ಇದನ್ನು ಎಲ್ಲರಿಗೂ ಹೇಳಬೇಕಿತ್ತು, ಮುಂದಿನ ಸಲದಿಂದ ಗೋಡೆಯ ಪಟ್ಟಿಯಲ್ಲೇ ಬರೆಯುತ್ತೇವೆ.

ಸರದಿ ನಡೆಯುವ ಕ್ರಮದಲ್ಲೂ ಒಂದು ವಿಷಯ ಇದೆ. ಎರಡನೇ ಸುತ್ತಿನಿಂದಲೇ ಕ್ರಮ ತಿರುಗಿಸಿದರೆ ಮೊದಲ ಸರದಿಯವರಿಗೆ ಮುಂದಿನದು ಹನ್ನೆರಡನೆಯದು, ಲಾಟರಿಯಿಂದ ಕೊಟ್ಟದ್ದನ್ನು ಅಲ್ಲೇ ವಾಪಸ್ ಕಿತ್ತುಕೊಂಡ ಹಾಗೆ. ಹಾಗಾಗಿ ಮೊದಲ ಎರಡು ಸುತ್ತು ಒಂದೇ ಕ್ರಮ, ಮೂರನೆಯದರಿಂದ ತಿರುಗಿಸುವುದು. ಕೋಚ್‌ನ ಸ್ವಂತ ಮಗ ಅಥವಾ ಮಗಳು ಹೊಸದಾಗಿ ಸೇರಿದರೆ ಅಪ್ಪ ಅಮ್ಮನ ತಂಡಕ್ಕೇ ಹೋಗಬಹುದು, ಆದರೆ ಅಂಕ 5 ಇದ್ದರೆ ಮೊದಲ ಸುತ್ತಿನ ಸರದಿ, 4 ಇದ್ದರೆ ಎರಡನೇ ಸುತ್ತಿನದು ಖರ್ಚಾಗುತ್ತದೆ. ಇಲ್ಲದಿದ್ದರೆ ಒಳ್ಳೆಯ ಆಟಗಾರರ ಪೋಷಕರನ್ನು ಸಹಾಯಕ ಕೋಚ್ ಮಾಡಿಕೊಂಡು ಲಾಟರಿಯನ್ನೇ ದಾಟಿಹೋಗಬಹುದು.

ಆರಿಸುವ ಕೋಣೆಯಲ್ಲಿ ಮಕ್ಕಳು ಇರುವುದಿಲ್ಲ. ಯಾರು ಮೊದಲು, ಯಾರು ಕೊನೆಗೆ ಅನ್ನುವ ಹಾಳೆಯನ್ನು ಅಲ್ಲೇ ಹರಿಯುತ್ತೇವೆ. ಹೊರಗೆ ಹಾಕುವ ತಂಡದ ಪಟ್ಟಿ ಅಕ್ಷರದ ಕ್ರಮದಲ್ಲಿ ಇರುತ್ತದೆ.

ಸರಿಯಾಯಿತಾ ಅಂತ ನೋಡಲು ನಾನು ಒಂದೇ ಒಂದನ್ನು ಎಣಿಸುತ್ತೇನೆ: 30 ಪಂದ್ಯಗಳಲ್ಲಿ 20 ಪಾಯಿಂಟ್‌ಗಿಂತ ಜಾಸ್ತಿ ಅಂತರದವು ಎಷ್ಟು. ಹೋದ ವರ್ಷ 11, ಈ ವರ್ಷ 6. ಒಂದೇ ವರ್ಷದ ಲೆಕ್ಕದಿಂದ ಏನೂ ಸಾಬೀತಾಗುವುದಿಲ್ಲ, ಇನ್ನೂ ಎರಡು ವರ್ಷ ಎಣಿಸಬೇಕು. ಒಂದು ತೂತು ಇನ್ನೂ ಉಳಿದಿದೆ. ಡ್ರಾ ಆದ ಮೇಲೆ ಬಿಳಿ ತಂಡದ ಇಬ್ಬರು ಒಳ್ಳೆಯ ಮಕ್ಕಳು ಅಜ್ಜಿ ಊರಿಗೆ ಹೋಗಿಬಿಟ್ಟರು, ಅವರ 14 ಅಂಕ ಹಾಳೆಯ ಮೇಲಷ್ಟೇ ಉಳಿಯಿತು. ಮುಂದಿನ ವರ್ಷ ಶುಲ್ಕ ಕಟ್ಟಿದ ಮಕ್ಕಳ ಅಂಕವನ್ನು ಮಾತ್ರ ಕೂಡಿಸುವ ಯೋಚನೆ ಇದೆ, ಕಟ್ಟಲು ಡ್ರಾಗೆ ಮೂರು ದಿನ ಮೊದಲಿನವರೆಗೆ ಸಮಯ.