ಇಪ್ಪತ್ತು ಕಡತಗಳಲ್ಲಿ ಒಂದು ಹನ್ನೊಂದು: ಸ್ಕ್ಯೂನೆಸ್, ಕರ್ಟೋಸಿಸ್ ನಾನು ಲೆಕ್ಕ ಹಾಕುವ ಬಗೆ

ಸ್ಕ್ಯೂನೆಸ್ ಮತ್ತು ಕರ್ಟೋಸಿಸ್ ಏನು ಹೇಳುತ್ತವೆ ಎಂದು ಯಾರಾದರೂ ಕೇಳಿದರೆ ನಾನು ಸೂತ್ರದಿಂದ ಶುರು ಮಾಡುವುದಿಲ್ಲ. ಒಂದು ಸಣ್ಣ ಪಟ್ಟಿ ಬರೆದು, ಪ್ರತಿ ಸಾಲಿನ ಪಾಲು ಎಷ್ಟು ಎಂದು ಕೂಡಿಸುತ್ತೇನೆ. ಇದಕ್ಕೆಂದೇ ಕಟ್ಟಿಕೊಂಡಿರುವ ಪಟ್ಟಿ ಹೀಗಿದೆ: ಇಪ್ಪತ್ತು ಕಡತಗಳು ವಿಲೇವಾರಿ ಆಗಲು ತೆಗೆದುಕೊಂಡ ದಿನಗಳು. 12 ಕಡತಗಳು 2 ದಿನದಲ್ಲಿ, 3 ಕಡತಗಳು 3 ದಿನದಲ್ಲಿ, 4 ಕಡತಗಳು 4 ದಿನದಲ್ಲಿ ಮುಗಿದಿವೆ. ಒಂದು ಮಾತ್ರ 11 ದಿನ ಹಿಡಿದಿದೆ. ಸಂಖ್ಯೆಗಳನ್ನು ಬೇಕೆಂದೇ ಹೀಗೆ ಆರಿಸಿದ್ದೇನೆ, ಕ್ಯಾಲ್ಕುಲೇಟರ್ ಇಲ್ಲದೆಯೂ ಲೆಕ್ಕ ಸಾಗಲಿ ಎಂದು.

ಒಟ್ಟು 60 ದಿನ, ಸರಾಸರಿ 3. ಪ್ರತಿ ಬೆಲೆಯಿಂದ 3 ಕಳೆದರೆ ವಿಚಲನೆಗಳು ಕ್ರಮವಾಗಿ −1, 0, +1, +8. ಅವುಗಳ ವರ್ಗಗಳ ಮೊತ್ತ 12 + 0 + 4 + 64 = 80. ಅದನ್ನು 20ರಿಂದ ಭಾಗಿಸಿದರೆ ವೇರಿಯನ್ಸ್ 4, ಅಂದರೆ ಮಾನಕ ವಿಚಲನೆ 2.

ಸ್ಕ್ಯೂನೆಸ್ ಬರುವುದು ಮೂರನೇ ಮೊಮೆಂಟ್‌ನಿಂದ, ಕರ್ಟೋಸಿಸ್ ನಾಲ್ಕನೆಯದರಿಂದ. ಮೂರನೇ ಮೊಮೆಂಟ್ ಎಂದರೆ ವಿಚಲನೆಗಳ ಘನಗಳ ಸರಾಸರಿ, ನಾಲ್ಕನೆಯದು ಅವುಗಳ ನಾಲ್ಕನೇ ಘಾತದ ಸರಾಸರಿ. ಅವನ್ನು ಹಾಗೆಯೇ ಇಟ್ಟುಕೊಂಡರೆ ಒಂದು ತೊಂದರೆ ಇದೆ. ದಿನಗಳ ಬದಲು ಗಂಟೆಗಳಲ್ಲಿ ಬರೆದ ಕೂಡಲೇ ಉತ್ತರ ಬದಲಾಗಿಬಿಡುತ್ತದೆ, ಆಕಾರ ಮಾತ್ರ ಬದಲಾಗಿರುವುದಿಲ್ಲ. ಆದ್ದರಿಂದ ನಾನು ಮೊದಲೇ ಪ್ರತಿ ವಿಚಲನೆಯನ್ನು ಮಾನಕ ವಿಚಲನೆಯಿಂದ ಭಾಗಿಸಿ z ಮಾಡಿಕೊಳ್ಳುತ್ತೇನೆ. ಇಲ್ಲಿ z ಬೆಲೆಗಳು −0.5, 0, +0.5, +4.

ಈಗ ಘನ. 2 ದಿನದ ಹನ್ನೆರಡು ಕಡತಗಳಿಂದ ಒಟ್ಟು −1.5, 4 ದಿನದ ನಾಲ್ಕರಿಂದ +0.5, 11 ದಿನದ ಒಂದರಿಂದ +64. ಮೊತ್ತ 63. ಅದನ್ನು 20ರಿಂದ ಭಾಗಿಸಿದರೆ ಸ್ಕ್ಯೂನೆಸ್ 3.15. ಘನದಲ್ಲಿ ಚಿಹ್ನೆ ಉಳಿಯುತ್ತದೆ, ಹಾಗಾಗಿ ಎಡ ಬಲಗಳು ಒಂದನ್ನೊಂದು ಕಳೆಯುತ್ತವೆ. ಎಡಗಡೆ ಹನ್ನೆರಡು ಕಡತಗಳು ಇದ್ದರೂ ದೂರದಲ್ಲಿರುವ ಒಂದೇ ಒಂದು ಗೆದ್ದಿದೆ. ಸ್ಕ್ಯೂನೆಸ್ ಧನವಾಗಿದೆ ಎಂದರೆ ಹೆಚ್ಚಿನ ಬೆಲೆಗಳು ಬಲಗಡೆ ಇವೆ ಎಂದಲ್ಲ, ಬಲಗಡೆಯ ಬಾಲ ಉದ್ದವಾಗಿದೆ ಎಂದು. ಕಲಿಯುವವರು ಇದನ್ನು ತಿರುಗುಮುರುಗು ಹೇಳುವುದು ಬಹಳ ಸಾಮಾನ್ಯ.

ನಾಲ್ಕನೇ ಘಾತದಲ್ಲಿ ಚಿಹ್ನೆ ಹೋಗುತ್ತದೆ, ಎಲ್ಲವೂ ಕೂಡುತ್ತವೆ. ±0.5 ಇರುವ ಹದಿನಾರು ಕಡತಗಳು ಒಂದೊಂದೂ 0.0625 ಕೊಟ್ಟು, ಒಟ್ಟು 1 ಆಗುತ್ತದೆ. z = 4 ಇರುವ ಒಂದೇ ಕಡತ 256 ಕೊಡುತ್ತದೆ. ಮೊತ್ತ 257, ಕರ್ಟೋಸಿಸ್ 12.85.

ಇಲ್ಲಿ ಸ್ವಲ್ಪ ನಿಲ್ಲಬೇಕು. ಕರ್ಟೋಸಿಸ್ ಎಂದರೆ ಶಿಖರದ ಚೂಪುತನ ಎಂಬ ವಿವರಣೆ ಪಠ್ಯಗಳಲ್ಲಿ ಇನ್ನೂ ಓಡಾಡುತ್ತಿದೆ. ಕಾರ್ಲ್ ಪಿಯರ್ಸನ್ 1905ರಲ್ಲಿ ಈ ಪದವನ್ನು ತಂದಾಗಿನಿಂದ ಅದು ಅಂಟಿಕೊಂಡೇ ಬಂದಿದೆ. ಮೇಲಿನ ಮೊತ್ತವನ್ನು ನೋಡಿದರೆ ಅದು ಏಕೆ ನಿಲ್ಲುವುದಿಲ್ಲ ಎಂದು ತಿಳಿಯುತ್ತದೆ. ಸರಾಸರಿಯಿಂದ ಒಂದು ಮಾನಕ ವಿಚಲನೆಯ ಒಳಗಿರುವ ಯಾವ ಬೆಲೆಯ z⁴ ಕೂಡ 1 ಮೀರುವುದಿಲ್ಲ. ಆ ಹತ್ತೊಂಬತ್ತು ಕಡತಗಳು ನಡುವಿನಲ್ಲಿ ಚೂಪಾಗಿ ಗುಂಪುಗೂಡಲಿ, ಚಪ್ಪಟೆಯಾಗಿ ಹರಡಲಿ, ಕರ್ಟೋಸಿಸ್‌ನಲ್ಲಿ ಅವೆಲ್ಲವುಗಳ ಪಾಲು ಸೇರಿ 19/20, ಅಂದರೆ 0.95 ದಾಟುವುದಿಲ್ಲ. 12.85ರಲ್ಲಿ 12.8 ಬಂದಿರುವುದು ಬಾಲದಲ್ಲಿರುವ ಒಂದೇ ಸಾಲಿನಿಂದ. ಕರ್ಟೋಸಿಸ್ ಮಾತಾಡುವುದು ಬಾಲದ ಬಗ್ಗೆ; ಶಿಖರದ ಬಗ್ಗೆ ಅದಕ್ಕೆ ಹೇಳಲು ಬಹುತೇಕ ಏನೂ ಇಲ್ಲ.

ಖಾತ್ರಿಗಾಗಿ ಆ 11ನ್ನು ತೆಗೆದು ಮತ್ತೆ ಲೆಕ್ಕ ಮಾಡಿ. ಉಳಿದ ಹತ್ತೊಂಬತ್ತರ ಸರಾಸರಿ 2.58, ಸ್ಕ್ಯೂನೆಸ್ 0.91, ಕರ್ಟೋಸಿಸ್ 2.11. ನಾರ್ಮಲ್ ಹಂಚಿಕೆಯ ಕರ್ಟೋಸಿಸ್ 3. ಒಂದೇ ಸಾಲು ಇದ್ದಾಗ ಪಟ್ಟಿ ಅದಕ್ಕಿಂತ ಎಷ್ಟೋ ಮೇಲೆ, ಇಲ್ಲದಾಗ ಕೆಳಗೆ. ಹಾಗೆಂದು ಆ ಸಾಲನ್ನು ಅಳಿಸಿಬಿಡಬೇಕು ಎಂದು ನಾನು ಹೇಳುತ್ತಿಲ್ಲ. ಅದು 1 ಎಂಬ ಅಂಕಿ ಎರಡು ಸಲ ಒತ್ತಿ ಆದ ತಪ್ಪೋ, ನಿಜಕ್ಕೂ ಸಿಕ್ಕಿಹಾಕಿಕೊಂಡ ಕಡತವೋ ಎಂದು ಮೂಲ ದಾಖಲೆ ತೆಗೆದು ನೋಡಬೇಕು. ದೊಡ್ಡ ಕರ್ಟೋಸಿಸ್ ಬಂದಾಗ ನನ್ನ ಮೊದಲ ಕೆಲಸ z⁴ ಕಾಲಂ ಅನ್ನು ಇಳಿಕೆ ಕ್ರಮದಲ್ಲಿ ಇಟ್ಟು ಮೇಲಿನ ಎರಡು ಮೂರು ಸಾಲು ಓದುವುದು.

ಸ್ಕ್ಯೂನೆಸ್ ಸೊನ್ನೆ ಬಂದರೂ ಹುಷಾರಾಗಿರಬೇಕು. −4, −4, 1, 1, 1, 5 ಎಂಬ ಆರು ಬೆಲೆಗಳನ್ನು ತೆಗೆದುಕೊಳ್ಳಿ. ಸರಾಸರಿ 0. ಘನಗಳು −128, +3, +125, ಮೊತ್ತವೂ 0. ಆದರೆ ಇದರಲ್ಲಿ ಸಮ್ಮಿತಿ ಎಲ್ಲಿದೆ? ಸಮ್ಮಿತಿ ಇದ್ದರೆ ಸ್ಕ್ಯೂನೆಸ್ ಸೊನ್ನೆ ಆಗಲೇಬೇಕು, ಸೊನ್ನೆ ಇದ್ದ ಮಾತ್ರಕ್ಕೆ ಸಮ್ಮಿತಿ ಇರಬೇಕಾಗಿಲ್ಲ. ಹಿಸ್ಟೋಗ್ರಾಂ ನೋಡದೆ ಸಂಖ್ಯೆಯನ್ನಷ್ಟೇ ಬರೆಯುವುದು ಈ ಕಾರಣಕ್ಕೇ ಸರಿಯಲ್ಲ.

ಇನ್ನು ಕಂಪ್ಯೂಟರಿನಲ್ಲಿ ಎಡವುವ ಜಾಗ. ಇದೇ ಇಪ್ಪತ್ತು ಸಾಲುಗಳನ್ನು ಬೇರೆ ಬೇರೆ ಕಡೆ ಕೊಟ್ಟರೆ ಬೇರೆ ಬೇರೆ ಉತ್ತರ ಬರುತ್ತದೆ:

```python
import numpy as np, pandas as pd
from scipy import stats

x = np.array([2]*12 + [3]*3 + [4]*4 + [11])
z = (x - x.mean()) / x.std()
print((z**3).mean(), (z**4).mean())   # 3.15  12.85
print(stats.kurtosis(x))              # 9.85
print(pd.Series(x).kurt())            # 13.22
```

`stats.kurtosis` ಕೇಳದೆಯೇ 3 ಕಳೆದು ಕೊಡುತ್ತದೆ, ನಾರ್ಮಲ್ ಹಂಚಿಕೆಗೆ 0 ಬರಲಿ ಎಂದು. `fisher=False` ಕೊಟ್ಟರೆ 12.85 ಸಿಗುತ್ತದೆ. ಪಾಂಡಾಸ್‌ನ `kurt()` ಮತ್ತು ಎಕ್ಸೆಲ್‌ನ `KURT` 3 ಕಳೆಯುವುದರ ಜೊತೆಗೆ ಸ್ಯಾಂಪಲ್ ಚಿಕ್ಕದೆಂಬ ತಿದ್ದುಪಡಿಯನ್ನೂ ಸೇರಿಸುತ್ತವೆ. ಈ ಪಟ್ಟಿಯಲ್ಲಿ ಅದರ ಅಪಾಯ ಎದ್ದು ಕಾಣುತ್ತದೆ: 13.22 ನೋಡಿದವರು ಅದು ಕೈಲೆಕ್ಕದ 12.85ಕ್ಕೆ ಹತ್ತಿರವಿದೆ, ದಶಮಾಂಶದ ವ್ಯತ್ಯಾಸ ಇರಬಹುದು ಎಂದು ಬಿಟ್ಟುಬಿಡುತ್ತಾರೆ. ನಿಜದಲ್ಲಿ ಅದನ್ನು ಹೋಲಿಸಬೇಕಾದ್ದು 9.85ರ ಜೊತೆ. ಇಪ್ಪತ್ತೇ ಸಾಲು ಇರುವಾಗ ಆ ತಿದ್ದುಪಡಿ ಅಷ್ಟು ದೊಡ್ಡದು. ಇನ್ನೊಂದು ತಪ್ಪು, z ಮಾಡುವಾಗ 19ರಿಂದ ಭಾಗಿಸಿದ ಮಾನಕ ವಿಚಲನೆಯನ್ನು ಬಳಸಿ, ಕೊನೆಗೆ ಸರಾಸರಿಯನ್ನು 20ರಿಂದ ತೆಗೆಯುವುದು. ಆಗ 12.85ರ ಬದಲು 11.60 ಬರುತ್ತದೆ. ಪಾಂಡಾಸ್‌ನ `std()` 19ರಿಂದಲೂ ನಂಪೈನ `std()` 20ರಿಂದಲೂ ಭಾಗಿಸುವುದರಿಂದ ಈ ಬೆರಕೆ ಗೊತ್ತಾಗದಂತೆ ನುಸುಳುತ್ತದೆ. ವರದಿಯಲ್ಲಿ ಸಂಖ್ಯೆಯ ಪಕ್ಕದಲ್ಲೇ ಯಾವ ಫಂಕ್ಷನ್ ಬಳಸಿದೆ, 3 ಕಳೆದಿದೆಯೋ ಇಲ್ಲವೋ ಎಂದು ನಾನು ಬರೆದೇ ಬರೆಯುತ್ತೇನೆ.

ಉತ್ತರ ಸರಿಯೋ ಎಂದು ನೋಡಲು ಒಂದು ಸುಲಭದ ತಾಳೆ ಇದೆ. 3 ಕಳೆಯದ, ತಿದ್ದುಪಡಿ ಇಲ್ಲದ ಕರ್ಟೋಸಿಸ್ ಯಾವಾಗಲೂ ಸ್ಕ್ಯೂನೆಸ್‌ನ ವರ್ಗಕ್ಕೆ 1 ಕೂಡಿಸಿದಷ್ಟಾದರೂ ಇರಬೇಕು. ಇಲ್ಲಿ 3.15ರ ವರ್ಗ 9.92, ಒಂದು ಕೂಡಿಸಿದರೆ 10.92, ನಮ್ಮದು 12.85, ಸರಿಯಾಗಿದೆ. 9.85 ಅದಕ್ಕಿಂತ ಕೆಳಗಿದೆ, ಅಂದರೆ ಯಾರೋ 3 ಕಳೆದಿದ್ದಾರೆ ಎಂದು ಕೋಡ್ ನೋಡದೆಯೇ ಹೇಳಬಹುದು.

ಮೇಲಿನ ಮಿತಿಯೂ ಇದೆ. n ಸಾಲುಗಳ ಪಟ್ಟಿಯಲ್ಲಿ ಕರ್ಟೋಸಿಸ್ ಅತಿ ಹೆಚ್ಚಾಗುವುದು ಒಂದು ಬಿಟ್ಟು ಉಳಿದೆಲ್ಲವೂ ಒಂದೇ ಬೆಲೆ ಆದಾಗ. 20 ಸಾಲಿಗೆ ಅದು 18.05. ಆ ಕೊನೆಯ ಕಡತ 11ರ ಬದಲು 11,000 ದಿನ ಹಿಡಿದಿದ್ದರೂ ಉತ್ತರ ಅದನ್ನು ದಾಟುವುದಿಲ್ಲ, ಏಕೆಂದರೆ ಬೆಲೆ ದೂರ ಹೋದಂತೆ ಮಾನಕ ವಿಚಲನೆಯನ್ನೂ ಜೊತೆಗೆ ಎಳೆದೊಯ್ಯುತ್ತದೆ. ಆದ್ದರಿಂದ ಇಪ್ಪತ್ತು ಸಾಲಿನ ಪಟ್ಟಿಯ ಕರ್ಟೋಸಿಸ್ 12.85, ಎರಡು ಸಾವಿರ ಸಾಲಿನ ಇನ್ನೊಂದರದು 40 ಎಂದು ಬಂದರೆ ಎರಡನೆಯದರ ಬಾಲವೇ ಭಾರ ಎಂದು ನಾನು ತೀರ್ಮಾನಿಸುವುದಿಲ್ಲ. ಮೊದಲ ಪಟ್ಟಿಗೆ 40 ತಲುಪುವ ಅವಕಾಶವೇ ಇರಲಿಲ್ಲ.