ಪಿಪಿಎಫ್ ಅಂದ್ರೆ ಏನು ಸರ್?

2013ರಲ್ಲಿ ಮೈಸೂರು ಬಿಟ್ಟು ಜರ್ಮನಿಗೆ ಹೋದೆ, 2024ರಲ್ಲಿ ವಾಪಸ್ ಬಂದೆ. ನಡುವಿನ ಹನ್ನೊಂದು ವರ್ಷ ಕಾರಿನ ಬಿಡಿಭಾಗ ಮಾಡುವ ಒಂದು ಕಂಪನಿಯಲ್ಲಿ ಸಪ್ಲೈಯರ್ ಕ್ವಾಲಿಟಿ ಕೆಲಸ ಮಾಡಿದೆ. ಹೊರಗಿನ ಕಾರ್ಖಾನೆಗಳು ನಮಗೆ ಕಳಿಸುವ ಪಾರ್ಟ್ ಸರಿಯಿದೆಯಾ ಅಂತ ನೋಡುವುದು, ತಪ್ಪಿದ್ದರೆ ಅವರ ಜಾಗಕ್ಕೇ ಹೋಗಿ ಸರಿ ಮಾಡಿಸುವುದು. ಅಮ್ಮನ ಎರಡೂ ಮಂಡಿಗೆ ಆಪರೇಷನ್ ಆಗಿತ್ತು. ಮಗಳು ಒಂದನೇ ಕ್ಲಾಸಿಗೆ ಬರುವ ವಯಸ್ಸು. ಆ ವರ್ಷದ ಜನವರಿಯಲ್ಲಿ ನಾನೂ ನನ್ನ ಹೆಂಡತಿಯೂ ಕೂತು ತೀರ್ಮಾನ ಮಾಡಿದೆವು. ಬೆಂಗಳೂರು ಬೇಡ, ಮೈಸೂರಿಗೇ ಹೋಗೋಣ.

ಆರು ವಾರದಲ್ಲಿ 31 ರಿಕ್ರೂಟರ್‌ಗಳಿಗೆ ಮೇಲ್ ಬರೆದೆ. ಉತ್ತರ ಬಂದದ್ದು ಎರಡು. ಒಂದು ಬೆಂಗಳೂರಿನ ಕೆಲಸಕ್ಕೆ. ಇನ್ನೊಂದರಲ್ಲಿ ಈಗಿನ ಸಂಬಳ ಕೇಳಿದರು, ನಾನು ಹೇಳಿದೆ, ಅಲ್ಲಿಗೆ ಮುಗಿಯಿತು. ಕೆಲಸ ಇಲ್ಲವೇನೋ ಅಂದುಕೊಂಡೆ. ಆದರೆ ಮೈಸೂರಿನ ಹೆಬ್ಬಾಳ, ಕೂರ್ಗಳ್ಳಿ, ನಂಜನಗೂಡು ಕಡೆಯ ಕಾರ್ಖಾನೆಗಳಿಗೆ ನನ್ನದೇ ಕೆಲಸಕ್ಕೆ ಜನ ಬೇಕು ಅಂತ ಜಾಹೀರಾತು ಬರುತ್ತಲೇ ಇತ್ತು.

ಮಾರ್ಚ್‌ನಲ್ಲಿ ಮೈಸೂರಿನ ಒಂದು ಚಿಕ್ಕ ಕನ್ಸಲ್ಟೆನ್ಸಿಯಿಂದ ಒಬ್ಬರು ಮೇಡಂ ಫೋನ್ ಮಾಡಿದರು.

“ಸರ್, ನಿಮ್ಮ ಮೇಲ್ ಎರಡು ಸಲ ಓದಿದೆ. ಪಿಪಿಎಫ್ ಅಂದ್ರೆ ಏನು ಸರ್? ಪೋಸ್ಟಾಫೀಸಲ್ಲಿ ಕಟ್ತಾರಲ್ಲ, ಅದಾ?”

ಅವರು ನಿಜವಾಗಿಯೂ ತಿಳಿಯದೆ ಕೇಳಿದ್ದು. ತಪ್ಪು ನನ್ನದು. ಹೊಸ ಪಾರ್ಟ್ ಉತ್ಪಾದನೆಗೆ ಹೋಗುವ ಮೊದಲು ಡ್ರಾಯಿಂಗ್, ಅಳತೆ, ಮೆಟೀರಿಯಲ್ ಟೆಸ್ಟ್, ಪ್ರೋಸೆಸ್ ಎಲ್ಲದರ ದಾಖಲೆ ಕಟ್ಟಿ ಒಪ್ಪಿಗೆ ಪಡೆಯಬೇಕು. ಜರ್ಮನಿಯ ವಾಹನ ಉದ್ಯಮದ ವಿಡಿಎ ನಿಯಮದಲ್ಲಿ ಅದರ ಹೆಸರು ಪಿಪಿಎಫ್. ಇಲ್ಲಿ ಎಲ್ಲರೂ ಹೇಳುವುದು ಪಿಪಿಎಪಿ. ಅದು ಅಮೆರಿಕದ ಕಡೆಯಿಂದ ಬಂದ ಹೆಸರು. ಕೆಲವು ಫಾರಂ ಬೇರೆ, ಮಾಡುವ ಕೆಲಸ ಬಹುಪಾಲು ಒಂದೇ. ಮೇಡಂ ದಿನವೂ ಕೂತು ಹುಡುಕುವ ಪದ ‘ಪಿಪಿಎಪಿ’. ನನ್ನ ಮೇಲ್‌ನಲ್ಲೂ ರೆಸ್ಯೂಮೆಯಲ್ಲೂ ಆ ಪದ ಒಂದು ಸಲವೂ ಇರಲಿಲ್ಲ. ಹನ್ನೊಂದು ವರ್ಷ ಮಾಡಿದ ಕೆಲಸ ಅವರ ಸ್ಕ್ರೀನ್ ಮೇಲೆ ಬರಲೇ ಇಲ್ಲ.

ಅವತ್ತು ರಾತ್ರಿ ರೆಸ್ಯೂಮೆ ತೆಗೆದು ಇಲ್ಲಿಯವರು ಹೇಳದ ಪದಗಳಿಗೆಲ್ಲ ಗೆರೆ ಎಳೆದೆ. ಒಂಬತ್ತು ಸಿಕ್ಕವು. ಐಎಟಿಎಫ್ 16949 ಅನ್ನುವ ಗುಣಮಟ್ಟದ ಮಾನದಂಡ, ತಪ್ಪಿನ ಮೂಲ ಹುಡುಕಿ ಸರಿಪಡಿಸುವ 8ಡಿ, ತಪ್ಪು ಎಲ್ಲಿ ಆಗಬಹುದು ಅಂತ ಮೊದಲೇ ಯೋಚಿಸುವ ಎಫ್‌ಎಂಇಎ ಇವೆಲ್ಲ ಎರಡೂ ಕಡೆ ಒಂದೇ, ಅವನ್ನು ಮುಟ್ಟಲಿಲ್ಲ. ಪಿಪಿಎಫ್ ಇದ್ದಲ್ಲಿ ‘ಪಿಪಿಎಪಿ, ಜರ್ಮನಿಯಲ್ಲಿ ಪಿಪಿಎಫ್ ಎನ್ನುತ್ತಾರೆ’ ಅಂತ ಬರೆದೆ. ವಿಡಿಎ 6.3 ಅನ್ನುವ ಪ್ರೋಸೆಸ್ ಆಡಿಟ್ ಮಾತ್ರ ಹಾಗೇ ಉಳಿಸಿದೆ, ಆದರೆ ಎಲ್ಲರಿಗೂ ಕಳಿಸುವ ಪತ್ರದಿಂದ ತೆಗೆದೆ. ಜರ್ಮನಿಯ ವಾಹನ ಕಂಪನಿಗಳಿಗೆ ಮಾಲು ಕಳಿಸುವ ಕಾರ್ಖಾನೆಗೆ ಅದು ಚಿನ್ನ. ಉಳಿದವರಿಗೆ ಅದರಿಂದ ಏನೂ ಆಗಬೇಕಾಗಿಲ್ಲ. ಯಾರಿಗೆ ಬರೆಯುತ್ತಿದ್ದೇನೆ ಅಂತ ನೋಡಿ ಹಾಕುವುದು, ಬಿಡುವುದು.

ಮೇಡಂ ಇನ್ನೊಂದು ಪ್ರಶ್ನೆ ಕೇಳಿದ್ದರು. ಅದಕ್ಕೆ ಉತ್ತರ ಹುಡುಕಲು ನನಗೆ ಜಾಸ್ತಿ ದಿನ ಹಿಡಿಯಿತು.

“ನಿಮ್ಮ ಕೈಕೆಳಗೆ ಎಷ್ಟು ಜನ ಇದ್ರು ಸರ್?”

“ಯಾರೂ ಇರಲಿಲ್ಲ ಮೇಡಂ.”

“ಹದಿನಾರು ವರ್ಷ ಎಕ್ಸ್‌ಪೀರಿಯನ್ಸ್ ಅಲ್ವಾ ಸರ್? ಮ್ಯಾನೇಜರ್ ಪೋಸ್ಟಿಗೆ ಕಳಿಸಿದ್ರೆ ಪ್ಲಾಂಟ್‌ನವರು ಮೊದಲು ಅದನ್ನೇ ಕೇಳ್ತಾರೆ.”

ನಾನಿದ್ದ ಕಂಪನಿಯಲ್ಲಿ ಒಬ್ಬ ಹಿರಿಯ ಎಂಜಿನಿಯರ್‌ಗೆ ಕೈಕೆಳಗೆ ಒಬ್ಬರೂ ಇಲ್ಲದೆ ದೊಡ್ಡ ಜವಾಬ್ದಾರಿ ಇರುತ್ತಿತ್ತು. ರಜೆ ಮಂಜೂರು ಮಾಡುವವರು ಬೇರೆ, ಕೆಲಸದ ವಿಷಯದಲ್ಲಿ ಕೊನೆಯ ಮಾತು ಹೇಳುವವರು ಬೇರೆ. ಇಲ್ಲಿ ಆ ಎರಡೂ ಒಬ್ಬರಲ್ಲೇ ಇರುವುದು ಜಾಸ್ತಿ. ಹಾಗಾಗಿ ‘ಸೊನ್ನೆ ಜನ’ ಅಂದ ಕೂಡಲೇ ಇವನು ಜೂನಿಯರ್ ಅಂತ ಅರ್ಥವಾಗುತ್ತದೆ. ಗೆಳೆಯನೊಬ್ಬ “ಹದಿನಾಲ್ಕು ಜನರ ಟೀಮ್ ಅಂತ ಹಾಕಿಬಿಡು, ಯಾರು ನೋಡ್ತಾರೆ” ಅಂದ. ಹಾಗೆ ಮಾಡಲಿಲ್ಲ. ಹಳೆಯ ಕಂಪನಿಗೆ ಒಂದು ಫೋನ್ ಮಾಡಿದರೆ ಗೊತ್ತಾಗುವ ಸುಳ್ಳು ಅದು. ಅದರ ಬದಲು ನನ್ನ ಸಹಿ ಎಲ್ಲೆಲ್ಲಿ ನಡೆಯುತ್ತಿತ್ತು ಅಂತ ಬರೆದೆ. 14 ಸಪ್ಲೈಯರ್‌ಗಳು ನನ್ನ ಹೊಣೆ. ಅವರ ಹೊಸ ಪಾರ್ಟ್ ಒಪ್ಪುವ ಸಹಿ ನನ್ನದು. ಕೆಟ್ಟ ಮಾಲು ಬಂದರೆ ತಡೆಹಿಡಿಯುವ ಅಧಿಕಾರ ನನ್ನದು. ಅದರ ಕೆಳಗೇ, 2011ರಿಂದ 2013ರವರೆಗೆ ಮೈಸೂರಿನಲ್ಲಿ ಶಿಫ್ಟಿಗೆ ಆರು ಇನ್‌ಸ್ಪೆಕ್ಟರ್‌ಗಳನ್ನು ನೋಡಿಕೊಂಡದ್ದನ್ನೂ ಬರೆದೆ.

ಜರ್ಮನಿಗೆ ಹೋಗುವ ಮೊದಲು ಮೈಸೂರಿನಲ್ಲಿ ಕೆಲಸ ಮಾಡಿದ ಆ ಐದು ವರ್ಷವನ್ನು ನಾನು ರೆಸ್ಯೂಮೆಯ ಕೊನೆಯಲ್ಲಿ ಒಂದೇ ಸಾಲಿಗೆ ಇಳಿಸಿಬಿಟ್ಟಿದ್ದೆ. ಹೊರದೇಶದ ಅನುಭವವೇ ದೊಡ್ಡದು, ಹಳೆಯದು ಯಾರಿಗೆ ಬೇಕು ಅಂದುಕೊಂಡಿದ್ದೆ. ಅದು ತಪ್ಪು ಲೆಕ್ಕ. ಇಲ್ಲಿನ ಪ್ಲಾಂಟ್‌ನವರಿಗೆ ನನ್ನ ಬಗ್ಗೆ ಇದ್ದ ದೊಡ್ಡ ಅನುಮಾನ ಬೇರೆಯೇ. ಅಲ್ಲಿ ಸಪ್ಲೈಯರ್‌ಗೆ ಒಂದು ಮೇಲ್ ಹಾಕಿದರೆ ಹತ್ತು ದಿನದಲ್ಲಿ 8ಡಿ ರಿಪೋರ್ಟ್ ಬರುತ್ತದೆ, ಯಾಕೆಂದರೆ ಅವರಿಗೆ ತಮ್ಮದೇ ಕ್ವಾಲಿಟಿ ವಿಭಾಗ ಇರುತ್ತದೆ. ಇಲ್ಲಿ ಸಪ್ಲೈಯರ್ ಅಂದರೆ ಎಷ್ಟೋ ಸಲ ಹೂಟಗಳ್ಳಿಯ ಒಂದು ಶೆಡ್, ಮೂರು ಮಷೀನು, ಮಾಲೀಕರೇ ಆಪರೇಟರು. ಅಲ್ಲಿ ಗೇಜ್ ಹಿಡಿದು ನಿಂತು ಜೊತೆಗೇ ಅಳೆಯಬೇಕು. ಹನ್ನೊಂದು ವರ್ಷ ಮೀಟಿಂಗ್ ರೂಮಿನಲ್ಲಿ ಕೂತವನು ಅಲ್ಲಿ ನಿಲ್ಲುತ್ತಾನಾ?

ಆ ಅನುಮಾನಕ್ಕೆ ‘ನಿಲ್ಲುತ್ತೇನೆ’ ಅಂದರೆ ಯಾರೂ ನಂಬುವುದಿಲ್ಲ. ಒಂದು ಘಟನೆ ಬರೆದೆ. ನಮಗೆ ಅಲ್ಯೂಮಿನಿಯಂ ಡೈ ಕಾಸ್ಟಿಂಗ್ ಕವರ್ ಬರುತ್ತಿತ್ತು. ಹೊರಗೆ ನುಣ್ಣಗೆ, ಮಷೀನಿಂಗ್ ಮಾಡಿದ ಮೇಲೆ ಒಳಗೆ ಸೂಜಿ ಚುಚ್ಚಿದ ಹಾಗೆ ತೂತು. ನೂರಕ್ಕೆ ಆರು ಕವರ್ ಲೀಕ್ ಟೆಸ್ಟ್‌ನಲ್ಲಿ ಹೋಗುತ್ತಿದ್ದವು. ರಿಪೋರ್ಟ್ ಮೂರು ಸಲ ಬಂತು, ತೂತು ನಿಲ್ಲಲಿಲ್ಲ. ನಾನೇ ಹೋಗಿ ಮಷೀನಿನ ಪಕ್ಕದಲ್ಲಿ ನಾಲ್ಕು ಶಿಫ್ಟ್ ನಿಂತೆ. ರಾತ್ರಿ ಶಿಫ್ಟ್‌ನಲ್ಲಿ ಪಾರ್ಟ್ ಅಚ್ಚಿಗೆ ಅಂಟಬಾರದು ಅಂತ ಆಪರೇಟರ್ ಸ್ಪ್ರೇ ಜಾಸ್ತಿ ಹೊಡೆಯುತ್ತಿದ್ದ, ಆಮೇಲೆ ಗಾಳಿ ಹೊಡೆಯುವ ಹೊತ್ತು ಅಷ್ಟೇ ಇತ್ತು. ಅಚ್ಚಿನ ಮೂಲೆಯಲ್ಲಿ ನೀರಿನ ಹನಿ ಉಳಿದಿರುತ್ತಿತ್ತು. ಕಾದ ಲೋಹ ಬಿದ್ದಾಗ ಅದು ಆವಿಯಾಗಿ ಲೋಹದ ಒಳಗೇ ಸಿಕ್ಕಿಕೊಳ್ಳುತ್ತಿತ್ತು. ಸ್ಪ್ರೇ ಹೊತ್ತಿಗೆ ಮಿತಿ ಹಾಕಿ, ಗಾಳಿ ಹೊಡೆಯುವುದನ್ನು ಎರಡು ಸೆಕೆಂಡ್ ಜಾಸ್ತಿ ಮಾಡಿದೆವು. ನೂರಕ್ಕೆ ಆರು ಇದ್ದದ್ದು ಒಂದಕ್ಕೆ ಇಳಿಯಿತು.

ಮೊದಲಿನ ಮೇಲ್‌ನಲ್ಲಿ ಇದೇ ಕೆಲಸವನ್ನು ‘ಸಪ್ಲೈಯರ್ ರಿಜೆಕ್ಷನ್ ಕಡಿಮೆ ಮಾಡಿದ್ದೇನೆ’ ಅಂತ ಬರೆದಿದ್ದೆ. ಅದನ್ನು ಯಾರು ಬೇಕಾದರೂ ಬರೆಯಬಹುದು. ರಾತ್ರಿ ಶಿಫ್ಟ್‌ನಲ್ಲಿ ಅಚ್ಚಿನ ಮೂಲೆಯ ನೀರಿನ ಹನಿ ನೋಡಿದವನು ಮಾತ್ರ ಬರೆಯಬಹುದಾದ ಮಾತು ಈಗ ಮೂರು ಸಾಲಿನಲ್ಲಿ ಬಂತು.

ಹೊಸ ಪತ್ರದ ಮೊದಲ ಸಾಲುಗಳನ್ನು ಇಂಗ್ಲಿಷ್‌ನಲ್ಲಿ ಬರೆದಿದ್ದೆ. ಕನ್ನಡದಲ್ಲಿ ಹೇಳಿದರೆ ಹೀಗೆ:

“ನಾನು ಮೈಸೂರಿನವನು. ಸಪ್ಲೈಯರ್ ಕ್ವಾಲಿಟಿಯಲ್ಲಿ 16 ವರ್ಷ, ಮೊದಲ 5 ಮೈಸೂರಿನಲ್ಲಿ, ಆಮೇಲಿನ 11 ಜರ್ಮನಿಯಲ್ಲಿ. ಕಾಸ್ಟಿಂಗ್ ಮತ್ತು ಮಷೀನಿಂಗ್ ಪಾರ್ಟ್, ಪಿಪಿಎಪಿ, ಐಎಟಿಎಫ್ ಆಡಿಟ್. ಮೇ ಕೊನೆಗೆ ಕುಟುಂಬದ ಜೊತೆ ಮೈಸೂರಿಗೆ ವಾಪಸ್ ಬರುತ್ತಿದ್ದೇನೆ. ಮಗಳ ಶಾಲೆ ಅಡ್ಮಿಷನ್ ಆಗಿದೆ. ರಾಜೀನಾಮೆ ಕೊಟ್ಟಾಗಿದೆ, ಜೂನ್ 10ರಿಂದ ಸೇರಬಲ್ಲೆ. ಮೈಸೂರು, ನಂಜನಗೂಡು ಸುತ್ತಲಿನ ಕೆಲಸ ಮಾತ್ರ ನೋಡುತ್ತಿದ್ದೇನೆ.”

ಶಾಲೆಯ ವಿಷಯ ಯಾಕೆ ಅಂತ ಅನ್ನಿಸಬಹುದು. ಒಂದು ವರ್ಷ ಇದ್ದು ಮತ್ತೆ ಹೊರಟುಬಿಟ್ಟರೆ ಅನ್ನುವ ಭಯ ಪ್ಲಾಂಟ್‌ನವರಿಗೂ ಇದೆ, ರಿಕ್ರೂಟರ್‌ಗೂ ಇದೆ. ‘ಊರಿನ ಮೇಲೆ ಪ್ರೀತಿ’ ಅಂತ ಬರೆದರೆ ಆ ಭಯ ಹೋಗುವುದಿಲ್ಲ. ಅಡ್ಮಿಷನ್ ಫೀಸ್ ಕಟ್ಟಿದವನು ಸುಲಭವಾಗಿ ಹೊರಡುವುದಿಲ್ಲ ಅಂತ ಎಲ್ಲರಿಗೂ ಗೊತ್ತು. ಅಮ್ಮನ ಆಪರೇಷನ್ ಬಗ್ಗೆ ಬರೆಯಲಿಲ್ಲ. ಪದೇ ಪದೇ ರಜೆ ಹಾಕುತ್ತಾನೆ ಅಂತ ಓದಿಕೊಳ್ಳುವವರೂ ಇರುತ್ತಾರೆ. ಕೇಳಿದರೆ ಹೇಳುವುದು ಅಂದುಕೊಂಡೆ, ಇಂಟರ್‌ವ್ಯೂನಲ್ಲಿ ಕೇಳಿದರು, ಹೇಳಿದೆ.

ಸಂಬಳದ ವಿಷಯದಲ್ಲಿ ಮೊದಲು ಮಾಡಿದ ತಪ್ಪು ದುಬಾರಿ. ಈಗಿನ ಸಿಟಿಸಿ ಎಷ್ಟು ಅಂತ ಕೇಳಿದಾಗ ವರ್ಷದ 66,000 ಯೂರೋವನ್ನು 90 ರೂಪಾಯಿಯಿಂದ ಗುಣಿಸಿ 59 ಲಕ್ಷ ಅಂದಿದ್ದೆ. ಅದಕ್ಕೇ ಆ ಎರಡನೆಯವರು ಮತ್ತೆ ಮಾತಾಡಲಿಲ್ಲ. ಆ ದುಡ್ಡಿನಲ್ಲಿ ಅಲ್ಲಿನ ತೆರಿಗೆ, ಪಿಂಚಣಿ, ಆರೋಗ್ಯ ವಿಮೆ, ಮನೆ ಬಾಡಿಗೆ ಎಲ್ಲ ಹೋಗುತ್ತದೆ ಅನ್ನುವುದು ಆ ಸಂಖ್ಯೆಯಲ್ಲಿ ಕಾಣುವುದಿಲ್ಲ. ಎರಡನೇ ಸುತ್ತಿನಲ್ಲಿ ಯೂರೋದಲ್ಲೇ ಹೇಳಿದೆ, ರೂಪಾಯಿಗೆ ತಿರುಗಿಸಲಿಲ್ಲ. ಪಕ್ಕದಲ್ಲೇ ‘ಮೈಸೂರಿನಲ್ಲಿ ಈ ಹುದ್ದೆಗೆ ಇರುವ ಮಟ್ಟದಲ್ಲಿ ಮಾತಾಡಲು ಸಿದ್ಧ, ನನ್ನ ನಿರೀಕ್ಷೆ ಇಷ್ಟು’ ಅಂತ ಒಂದೇ ಸಂಖ್ಯೆ ಕೊಟ್ಟೆ. ಅದನ್ನು ಕೊಡುವ ಮೊದಲು ಇಲ್ಲಿನ ಸಿಟಿಸಿ ಬಿಡಿಸಿ ನೋಡಿಕೊಂಡೆ. ಬೇಸಿಕ್‌ನ 12% ಕಂಪನಿಯ ಪಿಎಫ್ ಪಾಲು, 4.81% ಗ್ರಾಚ್ಯುಟಿ, ಇವೆರಡನ್ನೂ ಸಿಟಿಸಿ ಒಳಗೇ ಸೇರಿಸುವುದು ಮಾಮೂಲಿ. ಕೈಗೆ ಬರುವುದು ಬೇರೆ.

ಎರಡನೇ ಸುತ್ತಿನಲ್ಲಿ 12 ಜನರಿಗೆ ಮಾತ್ರ ಬರೆದೆ. ಐದು ಫೋನ್ ಬಂದವು. ಎಲ್ಲಿ ಕೆಟ್ಟಿದೆ ಅಂತ ಗುರುತಿಸುವುದನ್ನೂ ಅಷ್ಟರಲ್ಲಿ ಕಲಿತಿದ್ದೆ. ಫೋನೇ ಬರದಿದ್ದರೆ ಪದ ಹೊಂದಿಲ್ಲ. ಬೆಂಗಳೂರಿಗೇ ಕರೆಯುತ್ತಿದ್ದರೆ ಊರಿನ ಹೆಸರು ಮೇಲೆ ಇಲ್ಲ. ಸಂಬಳ ಕೇಳಿ ಸುಮ್ಮನಾದರೆ ಸಂಖ್ಯೆ ಹೇಳಿದ ರೀತಿ ಸರಿಯಿಲ್ಲ. ಪ್ಲಾಂಟ್‌ಗೆ ಹೋಗಿ ಬಂದ ಮೇಲೆ ಸುಮ್ಮನಾದರೆ ಪತ್ರದ ತಪ್ಪಲ್ಲ.

ಆಫರ್ ಬಂದ ಮೇಲೂ ಒಂದು ತೊಂದರೆ ಆಯಿತು. ಸೇರುವ ದಿನ ಎಚ್‌ಆರ್‌ನವರಿಗೆ ಹಳೆಯ ಕಂಪನಿಯ ರಿಲೀವಿಂಗ್ ಲೆಟರ್ ಬೇಕು. ಜರ್ಮನಿಯಲ್ಲಿ ಆ ಹೆಸರಿನ ಕಾಗದ ಇಲ್ಲ. ಅಲ್ಲಿ ಕೊಡುವುದು ಆರ್‌ಬೈಟ್ಸ್‌ಟ್ಸೊಯ್ಗ್ನಿಸ್, ಅಂದರೆ ಮಾಡಿದ ಕೆಲಸದ ಬಗ್ಗೆ ಒಂದೆರಡು ಪುಟದ ಪ್ರಮಾಣಪತ್ರ. ಅದು ಕೆಲಸ ಬಿಟ್ಟು ಕೆಲವು ವಾರ ಆದ ಮೇಲೆ ಬರುವುದೇ ಜಾಸ್ತಿ, ಅದೂ ಜರ್ಮನ್ ಭಾಷೆಯಲ್ಲಿ. ಫಾರಂ 16 ಕೂಡ ಇಲ್ಲ. ಮೇಡಂ ಮೊದಲೇ ಎಚ್ಚರಿಸಿದ್ದರಿಂದ ಏಪ್ರಿಲ್‌ನಲ್ಲೇ ಮಧ್ಯಂತರ ಪ್ರಮಾಣಪತ್ರ ಕೇಳಿ ಪಡೆದು ಇಂಗ್ಲಿಷ್‌ಗೆ ಅನುವಾದ ಮಾಡಿಸಿದ್ದೆ. ರಾಜೀನಾಮೆ ಒಪ್ಪಿದ ಪತ್ರದಲ್ಲಿ ಕೊನೆಯ ದಿನಾಂಕ ಬರೆಸಿಕೊಂಡಿದ್ದೆ. ಮೂರು ತಿಂಗಳ ಪೇ ಸ್ಲಿಪ್, ಅಲ್ಲಿನ ವರ್ಷದ ತೆರಿಗೆ ಪತ್ರ, ಇವನ್ನೆಲ್ಲ ಒಂದೇ ಫೈಲಿಗೆ ಸೇರಿಸಿ, ಯಾವ ಕಾಗದ ಇಲ್ಲಿನ ಯಾವುದರ ಬದಲಿಗೆ ಅಂತ ಮೇಲೊಂದು ಹಾಳೆ ಹಾಕಿ, ಸೇರುವ ಎರಡು ವಾರ ಮೊದಲು ಎಚ್‌ಆರ್‌ಗೆ ಕಳಿಸಿದೆ.

ಜೂನ್ 10ರ ಬೆಳಿಗ್ಗೆ ಅವರು ಆ ಹಾಳೆಯನ್ನೇ ಮುಂದಿಟ್ಟುಕೊಂಡು ಒಂದೊಂದಕ್ಕೇ ಟಿಕ್ ಹಾಕಿದರು. ಹತ್ತೂವರೆಗೆ ಗೇಟ್ ಪಾಸ್ ಕೈಗೆ ಬಂತು.